ಸವಕಳಿ ವಿಧಾನ ಬದಲಾಯಿಸಿದಿರಾ? ದರವನ್ನೂ ನೋಡಿಕೊಳ್ಳಿ

ಐದು ವರ್ಷದ ಹಿಂದೆ ನಮ್ಮ ಸಣ್ಣ ಘಟಕಕ್ಕೆ ಲೇತ್ ಮಷೀನ್ ತಂದೆವು. ಬೆಲೆ 10 ಲಕ್ಷ. ಹತ್ತು ವರ್ಷ ದುಡಿಯುತ್ತೆ, ಆಮೇಲೆ ಗುಜರಿಗೆ 1 ಲಕ್ಷ ಸಿಗುತ್ತೆ ಅಂತ ಅಂದಾಜು. ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ ಸ್ಟ್ರೇಟ್ ಲೈನ್ ಲೆಕ್ಕದಲ್ಲಿ ವರ್ಷಕ್ಕೆ 90,000 ಸವಕಳಿ, ಅಂದರೆ ಬೆಲೆಯ 9%.

ಮಷೀನ್ ಹೊಸದರಲ್ಲೇ ಜಾಸ್ತಿ ಬೆಲೆ ಕಳೆದುಕೊಳ್ಳುತ್ತೆ, ಹಳೆಯದಾದ ಮೇಲೆ ರಿಪೇರಿ ಖರ್ಚು ಬೇರೆ ಏರುತ್ತೆ. ಹಾಗಾಗಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಸವಕಳಿ ಹಾಕುವ ರಿಟನ್ ಡೌನ್ ವ್ಯಾಲ್ಯೂ ವಿಧಾನವೇ ಸರಿ ಅಂತ ತೀರ್ಮಾನಿಸಿದೆವು. ತೀರ್ಮಾನ ಸರಿಯಾಗಿಯೇ ಇತ್ತು. ಲೆಕ್ಕ ಬರೆಯುವವರು ವಿಧಾನ ಬದಲಾಯಿಸಿದರು, ಆದರೆ ದರದ ಜಾಗದಲ್ಲಿ ಹಳೆಯ 9% ಹಾಗೇ ಉಳಿಯಿತು. ನಾನೂ ನೋಡದೆ ಸಹಿ ಹಾಕಿದೆ.

ಮೊದಲ ವರ್ಷ 90,000 ಕಳೆಯಿತು. ಎರಡನೇ ವರ್ಷ ಉಳಿದ 9,10,000ದ ಮೇಲೆ 9%, ಅಂದರೆ 81,900. ಹೀಗೆ ವರ್ಷದಿಂದ ವರ್ಷಕ್ಕೆ ಸವಕಳಿ ಇಳಿಯುತ್ತಾ ಹೋಯಿತು. ಲಾಭ ಚೆನ್ನಾಗಿ ಕಾಣುತ್ತಿತ್ತು, ಅದನ್ನು ನಂಬಿ ನಾವು ಹಣ ತೆಗೆದುಕೊಂಡೆವು. ಕೆಲಸಕ್ಕೆ ದರ ಹೇಳುವಾಗಲೂ ಇದೇ ಸವಕಳಿಯನ್ನು ಸೇರಿಸಿದ್ದೆವು. ವರ್ಷಕ್ಕೆ 2,000 ಗಂಟೆ ಓಡುವ ಮಷೀನಿಗೆ ಮೊದಲ ವರ್ಷ ಗಂಟೆಗೆ 45 ಹಿಡಿದೆವು. ಸರಿಯಾದ ಸವಕಳಿ ದರ ಹಾಕಿದ್ದರೆ ಅದು 103 ಆಗುತ್ತಿತ್ತು.

ಐದನೇ ವರ್ಷದ ಕೊನೆಗೆ ಮಷೀನ್ ಮಾರಿದೆವು. 3 ಲಕ್ಷ ಬಂತು. ಪುಸ್ತಕದಲ್ಲಿ ಮಾತ್ರ ಅದರ ಬೆಲೆ ಇನ್ನೂ 6,24,000. ಆ ಒಂದೇ ವರ್ಷ 3,24,000 ನಷ್ಟ ಬರೆಯಬೇಕಾಯಿತು. ಆ ದಿನ ರಾತ್ರಿ ಕೂತು ಲೆಕ್ಕ ಹಿಂದಕ್ಕೆ ತಿರುವಿದಾಗಲೇ ತಪ್ಪು ಸಿಕ್ಕಿದ್ದು.

ಈ ವಿಧಾನಕ್ಕೆ ದರ ಹೀಗೆ ಬರುತ್ತೆ:

```
r = 1 - (S/C)^(1/n)
```

C ಕೊಂಡ ಬೆಲೆ, S ಗುಜರಿ ಬೆಲೆ, n ವರ್ಷ. ನಮ್ಮ ಮಷೀನಿಗೆ ಇದು ಸುಮಾರು 20.57%, ಅಂದರೆ 9%ರ ಎರಡು ಪಟ್ಟಿಗೂ ಜಾಸ್ತಿ. ಆ ದರ ಹಾಕಿದ್ದರೆ ಐದು ವರ್ಷಕ್ಕೆ ಸುಮಾರು 3,16,000 ಉಳಿಯುತ್ತಿತ್ತು, ಮಾರಿದಾಗ ನಷ್ಟ ಬರೀ 16,000. ಗುಜರಿ ಬೆಲೆ ಸೊನ್ನೆ ಅಂತ ಮಾತ್ರ ಹಾಕಬೇಡಿ, ದರ 100% ಬಂದುಬಿಡುತ್ತೆ. ತೆರಿಗೆಗೆ ಕಾನೂನೇ ದರ ಕೊಟ್ಟಿದ್ದರೆ ಅಲ್ಲಿ ಅದೇ ನಡೆಯುತ್ತೆ. ನಾನು ಹೇಳುತ್ತಿರುವುದು ನೀವೇ ಅಂದಾಜು ಮಾಡುವ ಲೆಕ್ಕದ ಬಗ್ಗೆ.

ನಿಮ್ಮಲ್ಲೂ ಹೀಗಾಗಿದೆಯಾ ಅಂತ ಈಗಲೇ ನೋಡಬಹುದು. ಮೊದಲ ವರ್ಷದ ಸವಕಳಿ ಎರಡೂ ವಿಧಾನದಲ್ಲಿ ಒಂದೇ ಬಂದಿದ್ದರೆ ದರ ತಪ್ಪಾಗಿದೆ ಅಂತಲೇ ತಿಳಿಯಿರಿ. ನಮ್ಮದರಲ್ಲಿ ಎರಡೂ ಕಡೆ 90,000 ಇತ್ತು, ಬರಬೇಕಾಗಿದ್ದು 2,05,700. ಇನ್ನೊಂದು, ಲೆಕ್ಕವನ್ನು ಕೊನೆಯ ವರ್ಷದವರೆಗೂ ಓಡಿಸಿ ನೋಡಿ. ನಮ್ಮ 9% ಹತ್ತು ವರ್ಷದ ನಂತರವೂ 3,89,000 ಉಳಿಸುತ್ತಿತ್ತು, ಗುಜರಿಯವರು ಕೊಡುವುದು 1 ಲಕ್ಷ. ಈಗ ಹೊಸ ಮಷೀನ್ ಬಂದ ದಿನವೇ ಹತ್ತೂ ವರ್ಷ ಪುಸ್ತಕದಲ್ಲಿ ಉಳಿಯುವ ಬೆಲೆ ಬರೆದು ಫೈಲಿಗೆ ಸೇರಿಸುತ್ತೇನೆ. ಕೊನೆಯ ಸಾಲು ಗುಜರಿ ಬೆಲೆಗೆ ಬಂದು ನಿಲ್ಲದಿದ್ದರೆ ಸಹಿ ಹಾಕುವುದಿಲ್ಲ.