ಟೆಂಪರ್ ಹಾಕಿಸಿದ ಮೇಲೆ ಫಿಂಗರ್‌ಪ್ರಿಂಟ್ ಹೋಯ್ತಾ? ಕಾಂಬೊ ಬದಲಿಸೋಕೆ ಮುಂಚೆ ಇದನ್ನು ಓದಿ

ಕಳೆದ ತಿಂಗಳು ರಸ್ತೆಬದಿ ಅಂಗಡಿಯಲ್ಲಿ 150 ರೂಪಾಯಿಗೆ ಟೆಂಪರ್ಡ್ ಗ್ಲಾಸ್ ಹಾಕಿಸಿದೆ. ಅವತ್ತು ಸಂಜೆಯಿಂದಲೇ ಫೋನ್ ನನ್ನ ಹೆಬ್ಬೆರಳನ್ನು ಗುರುತಿಸುವುದನ್ನು ನಿಲ್ಲಿಸಿತು. ಹಳೆಯ ಬೆರಳಚ್ಚು ಅಳಿಸಿ ಗ್ಲಾಸ್ ಮೇಲೆಯೇ ಹೊಸದಾಗಿ ಸೇರಿಸಿದೆ. ಎರಡು ದಿನ ಹೇಗೋ ನಡೆಯಿತು, ಆಮೇಲೆ ಮತ್ತೆ ಅದೇ ಕಥೆ.

ರಿಪೇರಿಯವರು ಫೋನ್ ತಿರುಗಿಸಿಯೂ ನೋಡದೆ, "ಸೆನ್ಸಾರ್ ಹೋಗಿದೆ ಸಾರ್, ಕಾಂಬೊ ಹಾಕಬೇಕು, 6,500 ಆಗುತ್ತೆ" ಅಂದರು. ಕಾಂಬೊ ಅಂದರೆ ಗಾಜು, ಟಚ್, ಡಿಸ್‌ಪ್ಲೇ ಸೇರಿದ ಪೂರ್ತಿ ಪರದೆ. ನಾನು ಹೂಂ ಅನ್ನುವುದರಲ್ಲಿದ್ದೆ. ಅಂದಿದ್ದರೆ ಕೆಟ್ಟೇ ಹೋಗುತ್ತಿತ್ತು. ನನ್ನದು ಅಮೋಲೆಡ್ ಪರದೆ, ಸೆನ್ಸಾರ್ ಅದರ ಕೆಳಗಿದೆ. ಪರದೆಯ ಬೆಳಕು ಬೆರಳಿಗೆ ತಾಗಿ ವಾಪಸ್ ಬಂದರೆ ಅದು ಚಿತ್ರ ಹಿಡಿಯುತ್ತದೆ. ಅಗ್ಗದ ಕಾಂಬೊ ಎಷ್ಟೋ ಸಲ ಎಲ್‌ಸಿಡಿ ಆಗಿರುತ್ತದೆ. ಅದರ ಹಿಂದಿನ ಪದರ ಬೆಳಕನ್ನು ಸೆನ್ಸಾರಿಗೆ ಬಿಡುವುದಿಲ್ಲ. ಅಂದರೆ ದುಡ್ಡು ಕೊಟ್ಟು ಫಿಂಗರ್‌ಪ್ರಿಂಟನ್ನೇ ಕಳೆದುಕೊಂಡ ಹಾಗೆ.

ಸೆನ್ಸಾರ್ ಸತ್ತಿಲ್ಲ ಅನ್ನೋದಕ್ಕೆ ಸುಳಿವು ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ಬೆರಳಿಟ್ಟಾಗ ವೃತ್ತ ಬೆಳಗುತ್ತಿತ್ತು, ಆಮೇಲೆ "ಗುರುತಿಸಲಾಗಲಿಲ್ಲ" ಅಂತ ಬರುತ್ತಿತ್ತು. ಅಂದರೆ ಅದು ನೋಡುತ್ತಿದೆ, ಆದರೆ ಹೊಂದುತ್ತಿಲ್ಲ. ಸೆನ್ಸಾರೇ ಕೆಟ್ಟಿದ್ದರೆ ಅಥವಾ ಅದರ ಫ್ಲೆಕ್ಸ್ ಕೇಬಲ್ ಬಿಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಫಿಂಗರ್‌ಪ್ರಿಂಟ್ ಆಯ್ಕೆಯೇ ಮಾಯವಾಗಬಹುದು, ಇಲ್ಲವೇ ಗಾರ್ಡ್ ಇಲ್ಲದ ಬರೀ ಪರದೆಯ ಮೇಲೂ ನೋಂದಣಿ ಶುರುವಿನಲ್ಲೇ ಎರರ್ ಕೊಡಬಹುದು. ಸಾಫ್ಟ್‌ವೇರ್ ತೊಂದರೆ ಬೇರೆ ತರಹ: ಅಪ್‌ಡೇಟ್ ಆದ ದಿನವೇ ಶುರುವಾಗಿರುತ್ತದೆ, ಅಥವಾ ನಾವು ಹಾಕಿಕೊಂಡ ಆಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಸೇಫ್ ಮೋಡ್‌ನಲ್ಲಿ ಸರಿಯಿದ್ದರೆ ತಪ್ಪು ಯಾವುದೋ ಆಪ್‌ನದ್ದು. ನನ್ನದು ಎರಡೂ ಅಲ್ಲ.

ಮನೆಗೆ ಬಂದು ಗ್ಲಾಸ್ ಕಿತ್ತೆ. ಅಂಚಿನಲ್ಲಿ ಮಾತ್ರ ಅಂಟಿತ್ತು, ನಡುವೆ ಬರೀ ಗಾಳಿ! ಪರದೆ ಒರೆಸಿ, ಪಿನ್ ನೆನಪಿದೆ ಅಂತ ಖಾತ್ರಿ ಮಾಡಿಕೊಂಡು ಬೆರಳಚ್ಚು ಮತ್ತೆ ಸೇರಿಸಿದೆ. ಹತ್ತಕ್ಕೆ ಹತ್ತು ಸಲವೂ ತೆರೆಯಿತು. ಆಮೇಲೆ ಪೂರ್ತಿ ಅಂಟುವ ತೆಳು ಫಿಲ್ಮ್ ಹಾಕಿಸಿ, ಅದರ ಮೇಲೆ ಇನ್ನೊಮ್ಮೆ ಸೇರಿಸಿದೆ. ಅದೇ ಹೆಬ್ಬೆರಳನ್ನು ಎರಡು ಬಾರಿ, ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ.

ಕೊನೆಗೆ ಹೆಂಡತಿಯ ಬೆರಳನ್ನೂ ಇಟ್ಟು ನೋಡಿದೆ. ಸುಮ್ನೆ ಅಲ್ಲ. 2019ರಲ್ಲಿ ಸ್ಯಾಮ್‌ಸಂಗ್ ಎಸ್10 ಫೋನಿನಲ್ಲಿ ಕೆಲವು ಸಿಲಿಕೋನ್ ಕವರ್‌ಗಳ ಉಬ್ಬುತಗ್ಗನ್ನೇ ಬೆರಳಚ್ಚು ಅಂದುಕೊಂಡು ಬೇರೆಯವರ ಬೆರಳಿಗೂ ಫೋನ್ ತೆರೆದುಕೊಳ್ಳುತ್ತಿತ್ತು, ಕಂಪನಿ ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ನನ್ನದು ಹೆಂಡತಿಗೆ ತೆರೆಯಲಿಲ್ಲ. ಬ್ಯಾಂಕ್ ಆಪ್ ಮಾತ್ರ ನನಗೂ ತೆರೆಯಲಿಲ್ಲ. ಹೊಸ ಬೆರಳು ಸೇರಿಸಿದರೆ ಅದು ಪಾಸ್‌ವರ್ಡ್ ಕೇಳಿಯೇ ಬಿಡುವುದು, ಅದೇನೂ ದೋಷವಲ್ಲ.