ವರ್ಷದ ದರಕ್ಕೆ ತಿಂಗಳ ಮಾಲು: ಮತ್ತೆ ಮತ್ತೆ ವಾಪಸು ಬರುವ ಬಿಲ್ಲುಗಳ ಬಗ್ಗೆ ಒಂದು ಎಚ್ಚರಿಕೆ

ಕಚೇರಿಗಳಿಗೂ ಸಣ್ಣ ಅಂಗಡಿಗಳಿಗೂ ಸಗಟಾಗಿ ಮಾಲು ಪೂರೈಸುವವರೆಲ್ಲ ಹಣ ಕೊಡದೆ ತಲೆ ಮರೆಸಿಕೊಳ್ಳುವ ಗಿರಾಕಿಯ ಬಗ್ಗೆ ಎಚ್ಚರದಿಂದಲೇ ಇರುತ್ತಾರೆ. ಈ ಬರಹ ಎಲ್ಲಿಗೂ ಹೋಗದ, ಫೋನ್ ಮಾಡಿದಾಗಲೆಲ್ಲ ಎತ್ತಿಕೊಂಡು ವಿನಯದಿಂದಲೇ ಮಾತಾಡುವ, ಪ್ರತಿಯೊಂದಕ್ಕೂ ಕಾಗದಪತ್ರ ಇಟ್ಟುಕೊಂಡಿರುವ ಗಿರಾಕಿಯ ಬಗ್ಗೆ. ಅಂಥ ಒಂದು ಕಚೇರಿಯ ಖಾತೆಯಲ್ಲಿ ನಮ್ಮ ಲಾಭ ಹೇಗೆ ಕರಗಿತು, ಅದು ನಡೆಯುತ್ತಿರುವಾಗ ನಮ್ಮ ಲೆಕ್ಕದ ಪುಸ್ತಕದಲ್ಲಿ ಯಾಕೆ ಕಾಣಿಸಲಿಲ್ಲ ಎಂಬುದನ್ನು ಬಿಡಿಸಿ ಹೇಳಿದರೆ, ಇದೇ ವ್ಯಾಪಾರದಲ್ಲಿರುವ ಬೇರೆಯವರಿಗೆ ಉಪಯೋಗವಾದೀತು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ.

ನಾವು ಪೂರೈಸುವುದು ಎ4 ಅಳತೆಯ ಕಾಗದ ಮತ್ತು ಲೇಖನ ಸಾಮಗ್ರಿ. ಹಲವು ಶಾಖೆಗಳಿದ್ದ ಆ ಕಚೇರಿ ವರ್ಷಕ್ಕೆ 240 ಪೆಟ್ಟಿಗೆ ಕಾಗದ ಬೇಕಾಗುತ್ತದೆಂದು ಹೇಳಿ ಕೊಟೇಶನ್ ಕೇಳಿತು. 50 ಪೆಟ್ಟಿಗೆಯೊಳಗಿನ ನಮ್ಮ ದರವನ್ನು 100 ಎಂದು ಇಟ್ಟುಕೊಂಡರೆ, 200 ಪೆಟ್ಟಿಗೆ ಮೀರಿದ ಆರ್ಡರಿನ ದರ 91. ಸಾಗಣೆಯೂ ಸೇರಿ ನಮಗೆ ಬೀಳುತ್ತಿದ್ದ ಖರ್ಚು 85. ಅಂದರೆ ಪೆಟ್ಟಿಗೆಗೆ ಉಳಿಯುವುದು 6. ಪ್ರಮಾಣ ದೊಡ್ಡದಿದ್ದುದರಿಂದ ಅಷ್ಟು ಸಾಕಾಗಿತ್ತು. ತಿಂಗಳಿಗೆ 20 ಪೆಟ್ಟಿಗೆಯಂತೆ ಮಾಲು ಕಳಿಸುವುದು, ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ಹಣ ಪಾವತಿಸುವುದು ಎಂದು ಕೊಟೇಶನ್ನಿನಲ್ಲಿ ಸ್ಪಷ್ಟವಾಗಿಯೇ ಬರೆದಿದ್ದೆವು.

ಅವರಿಂದ ಬಂದ ಪರ್ಚೇಸ್ ಆರ್ಡರಿನಲ್ಲಿ ದರ 91 ಎಂದೇ ಇತ್ತು. ಆದರೆ ಪ್ರಮಾಣದ ಜಾಗದಲ್ಲಿ 240 ಎಂಬ ಸಂಖ್ಯೆಯ ಬದಲು ‘ಅಗತ್ಯಕ್ಕೆ ತಕ್ಕಂತೆ’ ಎಂದಿತ್ತು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಷರತ್ತುಗಳ ನಡುವೆ, ‘ಸರಿಯಾದ ಬಿಲ್ಲು ಅಕೌಂಟ್ಸ್ ವಿಭಾಗಕ್ಕೆ ತಲುಪಿದ 30 ದಿನಗಳ ನಂತರ ಪಾವತಿ’ ಎಂಬ ಸಾಲೊಂದಿತ್ತು. ಮೇಲ್ನೋಟಕ್ಕೆ ಎರಡೂ ಕಾಗದಗಳು ಒಂದನ್ನೇ ಹೇಳುವಂತೆ ಕಾಣುತ್ತವೆ, ಏಕೆಂದರೆ ಎರಡರಲ್ಲೂ 30 ದಿನಗಳೇ ಇವೆ. ಎಣಿಕೆ ಎಲ್ಲಿಂದ ಶುರುವಾಗುತ್ತದೆ, ‘ಸರಿಯಾದ’ ಬಿಲ್ಲು ಯಾವುದೆಂದು ತೀರ್ಮಾನಿಸುವವರು ಯಾರು ಎಂಬಲ್ಲಿ ಇಡೀ ವ್ಯತ್ಯಾಸವಿತ್ತು. ಆ ಆರ್ಡರನ್ನು ಆಧಾರವಾಗಿಟ್ಟುಕೊಂಡು ಮಾಲು ಹೊರಟ ಮೇಲೆ, ನಮ್ಮ ಕೊಟೇಶನ್ನಿನ ಷರತ್ತು ಬಿದ್ದುಹೋಗಿ ತಮ್ಮದೇ ಉಳಿಯಿತು ಎಂಬುದು ಅವರ ವಾದ.

ಮೊದಲ ಕಂತಿನಲ್ಲಿ 20 ಪೆಟ್ಟಿಗೆ ಹೋಯಿತು. ಗಡುವು ಮುಗಿಯಲು ಇನ್ನೇನು ಎರಡು ಮೂರು ದಿನಗಳಿವೆ ಎನ್ನುವಾಗ ಬಿಲ್ಲು ವಾಪಸು ಬಂತು. ಆರ್ಡರಿನಲ್ಲಿ ‘ಕಾಪಿಯರ್ ಪೇಪರ್’ ಎಂದಿದೆ, ಬಿಲ್ಲಿನಲ್ಲಿ ‘ಪ್ರಿಂಟಿಂಗ್ ಪೇಪರ್’ ಎಂದಿದೆ, ಎರಡೂ ತಾಳೆಯಾಗದಿದ್ದರೆ ಪಾಸು ಮಾಡಲಾಗದು ಎಂಬ ಟಿಪ್ಪಣಿ ಅದರೊಂದಿಗಿತ್ತು. ನಮ್ಮ ಲೆಕ್ಕ ಬರೆಯುವವರು ಹಳೆಯ ಬಿಲ್ಲನ್ನು ರದ್ದು ಮಾಡಿ, ಅಂದಿನ ದಿನಾಂಕ ಹಾಕಿ ಹೊಸ ಬಿಲ್ಲು ಮಾಡಿ ಕಳಿಸಿದರು. ಎರಡನೆಯ ಕಂತಿನ 18 ಪೆಟ್ಟಿಗೆಗಳ ಬಿಲ್ಲು ಆರ್ಡರ್ ಸಂಖ್ಯೆ ಪ್ರತಿ ಸಾಲಿನಲ್ಲೂ ಇಲ್ಲವೆಂಬ ಕಾರಣಕ್ಕೆ ಅದೇ ಹೊತ್ತಿಗೆ, ಅಂದರೆ ಗಡುವಿನ ಅಂಚಿನಲ್ಲೇ, ಹಿಂತಿರುಗಿತು. ದೋಷ ನಿಜವಾಗಿಯೂ ಕಣ್ಣಿಗೆ ಬಿದ್ದಿದ್ದರೆ ಬಿಲ್ಲು ತಲುಪಿದ ವಾರದಲ್ಲೇ ಬೀಳಬೇಕಿತ್ತು. ಗಡುವಿನ ಹಿಂದಿನ ದಿನಗಳಲ್ಲಿ ಮಾತ್ರ ಕಾಣಿಸುವ ದೋಷವನ್ನು ನಾನು ಈಗ ದೋಷವೆಂದು ನಂಬುವುದಿಲ್ಲ.

ಇಲ್ಲಿ ಎಲ್ಲರೂ ಗಮನಿಸಬೇಕಾದ ಒಂದು ಸಂಗತಿಯಿದೆ. ಯಾರ ಬಾಕಿ ಎಷ್ಟು ದಿನ ಹಳೆಯದು ಎಂಬ ವಯಸ್ಸಿನ ಪಟ್ಟಿಯನ್ನು ನೋಡಿಯೇ ನಾವೆಲ್ಲ ವಸೂಲಿಗೆ ಹೊರಡುವುದು. ಹಳೆಯ ಬಿಲ್ಲು ರದ್ದಾಗಿ ಹೊಸ ದಿನಾಂಕದ ಬಿಲ್ಲು ಬಂದೊಡನೆ, ಆ ಪಟ್ಟಿಯಲ್ಲಿ ಆ ಹಣ ‘30 ದಿನಗಳೊಳಗಿನ’ ಕಾಲಂಗೆ ಮರಳಿ ಬಂದು ಕೂರುತ್ತದೆ. ಮಾಲು ಹೋಗಿ ಎರಡು ತಿಂಗಳಾದರೂ ಪಟ್ಟಿ ನೋಡಿದವರಿಗೆ ಇದೊಂದು ಅಚ್ಚುಕಟ್ಟಾದ ಖಾತೆ. ಖಾತೆ ಸರಿಯಾಗಿದೆಯೆಂದು ತೋರಿದ್ದರಿಂದಲೇ ಮೂರನೆಯ ಕಂತಿನ 14 ಪೆಟ್ಟಿಗೆಗಳೂ ನಾಲ್ಕನೆಯ ಕಂತಿನ 10 ಪೆಟ್ಟಿಗೆಗಳೂ ಯಾರ ತಡೆಯೂ ಇಲ್ಲದೆ ಗೋದಾಮಿನಿಂದ ಹೊರಬಿದ್ದವು. ಬಿಲ್ಲಿನ ದಿನಾಂಕದ ಬದಲು ಡೆಲಿವರಿ ಚಲನ್ನಿನ ದಿನಾಂಕದಿಂದ ವಯಸ್ಸು ಲೆಕ್ಕ ಹಾಕಿದರೆ ಇದು ತಕ್ಷಣ ಬಯಲಾಗುತ್ತದೆ, ಏಕೆಂದರೆ ಬಿಲ್ಲನ್ನು ಎಷ್ಟು ಬಾರಿ ತಿದ್ದಿದರೂ ಮಾಲು ಇಳಿಸಿದ ದಿನ ಬದಲಾಗುವುದಿಲ್ಲ.

20, 18, 14, 10: ಕಂತುಗಳು ಇಳಿಯುತ್ತಾ ಬಂದ ರೀತಿಯೂ ಒಂದು ಸುಳಿವೇ. ಒಟ್ಟು 62 ಪೆಟ್ಟಿಗೆಗಳಾದ ಮೇಲೆ ಆರ್ಡರ್ ನಿಂತುಹೋಯಿತು. 240ಕ್ಕೆ ಕೊಟ್ಟ ದರದಲ್ಲಿ ಅವರು ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾಲು ಕೊಂಡಿದ್ದರು. ಉಳಿದದ್ದನ್ನು ಕೊಳ್ಳಲೇಬೇಕೆಂದು ಕೇಳಲು ಅವರ ಆರ್ಡರಿನಲ್ಲಿ ಒಂದು ಸಂಖ್ಯೆಯೂ ಇರಲಿಲ್ಲ.

ಹಣ ಪೂರ್ತಿಯಾಗಿ ನಿಂತಿರಲಿಲ್ಲ, ಅದೇ ಇದರ ಜಾಣತನ. ನಡುವೆ ಒಮ್ಮೆ, ಯಾವ ಬಿಲ್ಲಿಗೂ ಹೊಂದದ ದುಂಡು ಮೊತ್ತವೊಂದು ನಮ್ಮ ಖಾತೆಗೆ ಬಂತು. ಸುಮಾರು 15 ಪೆಟ್ಟಿಗೆಗಳ ಬೆಲೆಯಷ್ಟಿದ್ದ ಅದು ಯಾವ ಬಿಲ್ಲಿನ ಬಾಬ್ತು ಎಂಬ ವಿವರ ಇರಲಿಲ್ಲ. ನಾವು ಅದನ್ನು ಮೊದಲ ಬಿಲ್ಲಿಗೆ ಜಮಾ ಮಾಡಿಕೊಂಡೆವು, ಅವರ ಪುಸ್ತಕದಲ್ಲಿ ಅದು ಇತ್ತೀಚಿನ ಬಿಲ್ಲುಗಳಿಗೆ ಜಮೆಯಾಗಿತ್ತು. ಇದರಿಂದ ಹಳೆಯ ಬಿಲ್ಲುಗಳು ‘ವಿವಾದದಲ್ಲಿವೆ’ ಎಂದು ಹಾಗೆಯೇ ಉಳಿದವು. ಎರಡೂ ಕಡೆಯ ಲೆಡ್ಜರುಗಳನ್ನು ಎದುರುಬದುರಿಟ್ಟು ನೋಡಿದಾಗ ಒಟ್ಟು ಬಾಕಿ ಒಂದೇ ಇದ್ದರೂ, ಯಾವ ಬಿಲ್ಲಿನ ಬಾಕಿ ಎಂಬಲ್ಲಿ ಒಂದು ಸಾಲೂ ಕೂಡಲಿಲ್ಲ. ಆಮೇಲಿನ ಪತ್ರ ವ್ಯವಹಾರವೆಲ್ಲ ಆ ಗೋಜಲನ್ನು ಬಿಡಿಸುವುದಕ್ಕೇ ಖರ್ಚಾಯಿತು. ದುಂಡು ಮೊತ್ತ ಬಂದ ದಿನವೇ ‘ಇದನ್ನು ಇಂಥ ಸಂಖ್ಯೆಯ, ಇಂಥ ದಿನಾಂಕದ ಬಿಲ್ಲಿಗೆ ಜಮಾ ಮಾಡಿಕೊಂಡಿದ್ದೇವೆ, ಬೇರೆ ಸೂಚನೆಯಿದ್ದರೆ ತಿಳಿಸಿ’ ಎಂದು ಎರಡು ಸಾಲಿನ ಮೇಲ್ ಕಳಿಸುವುದು ಈ ರೋಗಕ್ಕೆ ನಾನು ಕಂಡ ಅತ್ಯಂತ ಅಗ್ಗದ ಮದ್ದು.

ಮೂರನೆಯ ಕಂತಿನಲ್ಲಿ ಇನ್ನೊಂದು ತಕರಾರು ಎದ್ದಿತು. 14ರಲ್ಲಿ 3 ಪೆಟ್ಟಿಗೆಗಳ ಅಂಚು ತೇವ ಹಿಡಿದಿದೆ ಎಂದು ಹೇಳಿ 14 ಪೆಟ್ಟಿಗೆಗಳ ಇಡೀ ಬಿಲ್ಲನ್ನೇ ತಡೆಹಿಡಿದರು. ಚಲನ್ನಿನ ಮೇಲೆ ಸ್ಟೋರಿನವರು ಒತ್ತಿದ್ದ ಮೊಹರು ‘ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ’ ಎಂದಿತ್ತು, ಪರಿಶೀಲನೆ ಎಷ್ಟು ದಿನಗಳೊಳಗೆ ಎಂಬುದು ಎಲ್ಲೂ ಇರಲಿಲ್ಲ. ತೇವ ಹಿಡಿದ ಕಾಗದ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ನಿಜ, ಆ 3 ಪೆಟ್ಟಿಗೆಗಳಿಗೆ ಕ್ರೆಡಿಟ್ ನೋಟ್ ಕೊಡಲು ನಮ್ಮ ಅಭ್ಯಂತರವೂ ಇರಲಿಲ್ಲ. ಆದರೆ ಆ ಪೆಟ್ಟಿಗೆಗಳು ನಮ್ಮ ವಾಹನದಲ್ಲಿ ತೇವಗೊಂಡವೋ ಅವರ ಗೋಡೆಗೆ ಒರಗಿ ತೇವಗೊಂಡವೋ ಎಂಬುದನ್ನು ಐದು ವಾರಗಳಾದ ಮೇಲೆ ಯಾರು ತಾನೇ ಹೇಳಬಲ್ಲರು? ಉಳಿದ 11 ಪೆಟ್ಟಿಗೆಗಳ ಹಣವನ್ನು ತಡೆಯಲು ಯಾವ ಕಾರಣವೂ ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾವು ದುಡಿಸುವ ಹಣಕ್ಕೆ ತಿಂಗಳಿಗೆ ಶೇಕಡಾ 1.5 ಬಡ್ಡಿ ಬೀಳುತ್ತದೆ ಎಂದು ಹಿಡಿದರೆ, 85ರ ಮೇಲೆ ಒಂದು ತಿಂಗಳಿಗೆ ಸುಮಾರು 1.3 ಆಗುತ್ತದೆ. 30 ದಿನಗಳಲ್ಲಿ ಹಣ ಬಂದಿದ್ದರೆ 6ರಲ್ಲಿ 4.7 ಉಳಿಯುತ್ತಿತ್ತು. 90 ದಿನಗಳಾದಾಗ ಉಳಿದದ್ದು 2.2ರಷ್ಟು ಮಾತ್ರ, ಅದರಲ್ಲೂ ಸಣ್ಣ ಕಂತುಗಳಿಂದ ಹೆಚ್ಚಿದ ಸಾಗಣೆಯ ಖರ್ಚನ್ನು ಕಳೆಯಬೇಕು. ಒಂದೇ ಒಂದು ಪೆಟ್ಟಿಗೆಯ ಹಣ ಪೂರ್ತಿ ಮುಳುಗಿದರೆ, ಆ 85ನ್ನು ತುಂಬಿಕೊಳ್ಳಲು ಇದೇ ದರದಲ್ಲಿ 14ಕ್ಕಿಂತ ಹೆಚ್ಚು ಪೆಟ್ಟಿಗೆಗಳನ್ನು ಮಾರಿ, ಅವುಗಳ ಹಣವನ್ನೂ ವಸೂಲಿ ಮಾಡಬೇಕು. ಸಣ್ಣ ಪ್ರಮಾಣದ ದರದಲ್ಲೇ ಮಾರಿದ್ದರೆ ಪೆಟ್ಟಿಗೆಗೆ 15 ಉಳಿಯುತ್ತಿದ್ದುದರಿಂದ ಈ ವಿಳಂಬವನ್ನೆಲ್ಲ ತಾಳಿಕೊಳ್ಳಬಹುದಾಗಿತ್ತು. ರಿಯಾಯಿತಿಯ ದರವೂ ದೀರ್ಘ ಉದ್ರಿಯೂ ಒಂದೇ ಖಾತೆಯಲ್ಲಿ ಕೂಡಿದ್ದರಿಂದಲೇ ನಮಗೆ ಏನೂ ಉಳಿಯಲಿಲ್ಲ.

ಸಣ್ಣ ಅಂಗಡಿಗಳ ವಿಷಯದಲ್ಲಿ ಈ ತೊಂದರೆ ಅಷ್ಟಾಗಿ ಕಂಡುಬರುವುದಿಲ್ಲ. ಅಲ್ಲಿ ‘ಬಿಲ್ ಟು ಬಿಲ್’ ಪದ್ಧತಿ, ಅಂದರೆ ಹಿಂದಿನ ಬಿಲ್ಲಿನ ಹಣ ಕೊಟ್ಟರೆ ಮಾತ್ರ ಮುಂದಿನ ಮಾಲು ಎಂಬ ನಿಯಮ, ಎರಡೂ ಕಡೆಯವರಿಗೆ ಒಗ್ಗಿದೆ. ಬಾಕಿ ಒಂದು ಬಿಲ್ಲಿಗಿಂತ ಮೇಲೆ ಏರುವುದೇ ಇಲ್ಲ. ಕಚೇರಿಗಳಲ್ಲಾದರೆ ಆರ್ಡರ್ ಮಾಡುವವರು ಒಬ್ಬರು, ಮಾಲು ಇಳಿಸಿಕೊಳ್ಳುವವರು ಇನ್ನೊಬ್ಬರು, ಹಣ ಕೊಡುವವರು ಮತ್ತೊಬ್ಬರು. ತಡವಾದರೆ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಆ ಬಳಿಕ ನಮ್ಮ ಕಾಗದಗಳಲ್ಲಿ ಮಾಡಿಕೊಂಡ ಬದಲಾವಣೆಗಳಲ್ಲಿ ಮೊದಲನೆಯದು ದರಕ್ಕೆ ಸಂಬಂಧಿಸಿದ್ದು. ಕಂತಿನ ಪೂರೈಕೆಯಿದ್ದರೆ ಈಗ ಪ್ರತಿ ಬಿಲ್ಲನ್ನೂ ಆ ಕಂತಿನ ಪ್ರಮಾಣಕ್ಕೆ ಸಲ್ಲುವ ದರದಲ್ಲೇ ಮಾಡುತ್ತೇವೆ. ಒಪ್ಪಿದ ಒಟ್ಟು ಪ್ರಮಾಣ ತಲುಪಿದಾಗ ಮತ್ತು ಹಿಂದಿನ ಬಿಲ್ಲುಗಳ ಹಣ ಗಡುವಿನೊಳಗೆ ಬಂದಿದ್ದರೆ, ವ್ಯತ್ಯಾಸದ ಮೊತ್ತವನ್ನು ಕ್ರೆಡಿಟ್ ನೋಟ್ ಮೂಲಕ ಹಿಂದಿರುಗಿಸುತ್ತೇವೆ. ರಿಯಾಯಿತಿಯನ್ನು ಮೊದಲೇ ಕೊಟ್ಟು, ಪ್ರಮಾಣ ಮುಟ್ಟದಿದ್ದಾಗ ಡೆಬಿಟ್ ನೋಟ್ ಕಳಿಸಿ ಕೇಳುವುದೂ ಕಾಗದದ ಮೇಲೆ ಇಷ್ಟೇ ಸರಿ, ಆದರೆ ಆ ಡೆಬಿಟ್ ನೋಟನ್ನು ಯಾರೂ ಪಾಸು ಮಾಡುವುದಿಲ್ಲ.

ಎರಡನೆಯದು ಆರ್ಡರಿಗೆ ಕೊಡುವ ಉತ್ತರ. ಪರ್ಚೇಸ್ ಆರ್ಡರ್ ಬಂದ ಕೂಡಲೇ, ಮಾಲು ಹೊರಡುವ ಮೊದಲು, ನಮ್ಮ ಷರತ್ತುಗಳನ್ನು ಮತ್ತೆ ಬರೆದ ಸ್ವೀಕೃತಿ ಪತ್ರವನ್ನು ಕಳಿಸಿ ಒಪ್ಪಿಗೆಯನ್ನು ಬರಹದಲ್ಲೇ ಪಡೆಯುತ್ತೇವೆ. ಒಟ್ಟು ಪ್ರಮಾಣ, ದರ ಯಾವ ದಿನಾಂಕದವರೆಗೆ ಎಂಬುದು, ಗಡುವಿನ ಎಣಿಕೆ ಮಾಲು ಇಳಿಸಿದ ದಿನದಿಂದ ಎಂಬುದು, ಮಾಲಿನ ಅಥವಾ ಬಿಲ್ಲಿನ ಬಗ್ಗೆ ತಕರಾರಿದ್ದರೆ 7 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು ಮತ್ತು ತಕರಾರಿಲ್ಲದ ಭಾಗದ ಹಣ ಗಡುವಿಗೆ ಸರಿಯಾಗಿ ಬರಬೇಕು ಎಂಬುದು ಅದರಲ್ಲಿರುತ್ತದೆ. ಬಿಲ್ಲು ತಲುಪಿದ ವಾರದಲ್ಲಿ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ, ಪಾವತಿಯ ಸಾಲಿಗೆ ಅದು ಸೇರಿದೆಯೇ ಎಂದು ವಿಚಾರಿಸುತ್ತೇವೆ. ಹಣ ಕೇಳುವ ಕರೆ ಅದಲ್ಲವಾದ್ದರಿಂದ ಯಾರೂ ಬೇಸರಪಡುವುದಿಲ್ಲ, ದೋಷವಿದ್ದರೆ ಆಗಲೇ ಹೊರಬರುತ್ತದೆ.

ಬಿಲ್ಲು ತಿದ್ದಲೇಬೇಕಾಗಿ ಬಂದರೆ, ತೆರಿಗೆಗೂ ಮೊತ್ತಕ್ಕೂ ಸಂಬಂಧಿಸದ ತಿದ್ದುಪಡಿಯನ್ನು ಮೂಲ ಸಂಖ್ಯೆ, ಮೂಲ ದಿನಾಂಕದ ಪ್ರತಿಯಲ್ಲೇ ಮಾಡಿ ಕಳಿಸಬಹುದೇ ಎಂದು ನಿಮ್ಮ ಲೆಕ್ಕಿಗರನ್ನು ಕೇಳಿಕೊಳ್ಳಿ. ನಿಯಮದಂತೆ ಹೊಸ ಬಿಲ್ಲೇ ಬೇಕಾದಲ್ಲಿ, ‘ಮೂಲ ಬಿಲ್ಲಿನ ಗಡುವೇ ಇದಕ್ಕೂ ಅನ್ವಯಿಸುತ್ತದೆ’ ಎಂದು ಅದರಲ್ಲಿ ಬರೆದು, ನಿಮ್ಮ ಲೆಡ್ಜರಿನಲ್ಲೂ ಗಡುವಿನ ದಿನಾಂಕವನ್ನು ಹಳೆಯದೇ ಇರಿಸಿ.

ನಮ್ಮ ಆ ಖಾತೆ ಕೊನೆಗೆ ಮುಗಿದದ್ದು ಬಾಕಿಯ ಒಂದು ಭಾಗದ ಚೆಕ್ಕಿನೊಂದಿಗೆ. ಜೊತೆಗಿದ್ದ ಪತ್ರದಲ್ಲಿ ‘ಎಲ್ಲ ಬಾಬ್ತುಗಳ ಅಂತಿಮ ಇತ್ಯರ್ಥವಾಗಿ’ ಎಂಬ ಮಾತಿತ್ತು. ಅಂಥ ಚೆಕ್ಕನ್ನು ಸುಮ್ಮನೆ ಬ್ಯಾಂಕಿಗೆ ಹಾಕಿದರೆ ಉಳಿದದ್ದನ್ನು ಬಿಟ್ಟುಕೊಟ್ಟಂತೆ ಎಂದು ಅವರು ವಾದಿಸಬಹುದು. ಆದ್ದರಿಂದ ಅದು ಕೈಗೆ ಬಂದ ದಿನವೇ, ಜಮಾ ಮಾಡುವ ಮೊದಲು, ಭಾಗಶಃ ಪಾವತಿಯೆಂದಷ್ಟೇ ಪರಿಗಣಿಸಬಹುದೇ ಅಥವಾ ಚೆಕ್ಕನ್ನೇ ಹಿಂದಿರುಗಿಸಬೇಕೇ ಎಂದು ವಕೀಲರನ್ನು ಕೇಳಿ. ನಾವು ಹಾಗೆ ಕೇಳಿ, ಭಾಗಶಃ ಪಾವತಿಯೆಂದು ಆ ಕಚೇರಿಯವರಿಂದಲೇ ಬರೆಸಿಕೊಂಡ ಮೇಲೆ ಚೆಕ್ಕನ್ನು ಜಮಾ ಮಾಡಿದೆವು. 3 ಪೆಟ್ಟಿಗೆಗಳ ಕ್ರೆಡಿಟ್ ನೋಟ್ ಕಳೆದು ಉಳಿದ ಮೊತ್ತ ಇನ್ನೂ ನಮ್ಮ ಪುಸ್ತಕದಲ್ಲಿ ಬಾಕಿಯೆಂದೇ ಇದೆ.