‘ಟ್ರಾನ್ಸ್‌ಲೇಟ್’ ಅಂತ ಒಂದೇ ಪದ ಹಾಕಿ ಪರ್ಸನಲ್ ಸ್ಟೇಟ್‌ಮೆಂಟ್ ಕಳಿಸಬೇಡಿ

ಹೊರದೇಶದಲ್ಲಿ ಓದಲು ಅರ್ಜಿ ಹಾಕುತ್ತಿರುವವರು, ಮನೆಯಲ್ಲಿ ಅಂಥ ಮಕ್ಕಳಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಈ ವರ್ಷ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಅನುವಾದದ ಕೆಲಸ ಮಾಡಿಕೊಂಡಿರುವವಳು. ಮಾರ್ಕ್ಸ್ ಕಾರ್ಡು, ಪಹಣಿ, ಮದುವೆ ಸರ್ಟಿಫಿಕೇಟು ಎಲ್ಲವನ್ನೂ ಇಂಗ್ಲಿಷಿಗೆ ಮಾಡಿ ಸಹಿ ಹಾಕಿ ಕೊಡುತ್ತೇನೆ. ಅವಳು ನನ್ನ ಹತ್ತಿರ ಬರುವ ಹೊತ್ತಿಗೆ ವಿಷಯ ಕೈಮೀರಿತ್ತು.

ಬಿಎಸ್‌ಡಬ್ಲ್ಯೂ ಮುಗಿಸಿ ಇಂಗ್ಲೆಂಡಿನಲ್ಲಿ ಪಬ್ಲಿಕ್ ಹೆಲ್ತ್ ಓದಬೇಕು ಅಂತ ಅವಳ ಆಸೆ. ಅವಳಿಗೆ ಇಂಗ್ಲಿಷ್ ಬರುತ್ತದೆ, ಐಇಎಲ್‌ಟಿಎಸ್ ಕೂಡ ಪಾಸಾಗಿದ್ದಾಳೆ. ಆದರೆ ತನ್ನ ಮನೆ, ತನ್ನ ಊರಿನ ಬಗ್ಗೆ ಬರೆಯುವಾಗ ಮಾತು ಬರುವುದು ಕನ್ನಡದಲ್ಲೇ. ಹಾಗಾಗಿ, ತಾನು ಯಾರು, ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿಯ ಜೊತೆ ಕೊಡುವ ಪರ್ಸನಲ್ ಸ್ಟೇಟ್‌ಮೆಂಟನ್ನು ಕನ್ನಡದಲ್ಲಿ ಬರೆದಳು. ಅದನ್ನು ವಾಟ್ಸಾಪ್‌ನಲ್ಲಿ ಒಂದು ಅನುವಾದದ ಸೆಂಟರಿಗೆ ಪೇಸ್ಟ್ ಮಾಡಿ, ಕೆಳಗೆ ‘ಟ್ರಾನ್ಸ್‌ಲೇಟ್’ ಅಂತ ಹಾಕಿದಳು. ಯಾವ ಅರ್ಜಿಗೆ, ಯಾರು ಓದುತ್ತಾರೆ, ಆಮೇಲೆ ಇದನ್ನಿಟ್ಟುಕೊಂಡು ಪ್ರಶ್ನೆ ಕೇಳುತ್ತಾರಾ ಅಂತ ಸೆಂಟರಿನವರೂ ಕೇಳಲಿಲ್ಲ. ದುಡ್ಡು ಎಷ್ಟು ಅಂತ ಮಾತ್ರ ಹೇಳಿದರು.

ಅವಳು ಬರೆದಿದ್ದರಲ್ಲಿ ಮೂರು ಜಾಗ ನೋಡಿ.

ಅಜ್ಜಿಯ ಬಗ್ಗೆ ಹೀಗಿತ್ತು: “ಅಜ್ಜಿಗೆ ಸಕ್ಕರೆ ಕಾಯಿಲೆ ಇತ್ತಂತೆ. ಯಾರಿಗೂ ಗೊತ್ತಾಗಲಿಲ್ಲ. ಗಾಯ ಮಾಯದೆ ಕೊನೆಗೆ ಕಾಲು ತೆಗೆಯಬೇಕಾಯಿತಂತೆ.” ಫೀಲ್ಡ್‌ವರ್ಕ್ ಬಗ್ಗೆ: “ಆಶಾ ಅಕ್ಕನ ಜೊತೆ ಮನೆ ಮನೆಗೆ ಹೋಗುತ್ತಿದ್ದೆವು. ವಯಸ್ಸಾದವರಿಗೆ ಬಿಪಿ, ಶುಗರ್ ಚೆಕ್ ಮಾಡಿಸುತ್ತಿದ್ದೆವು.” ಓದಿನ ಬಗ್ಗೆ: “ಎಸ್ಎಸ್ಎಲ್‌ಸಿಯಲ್ಲಿ ಗಣಿತ ಹೋಯಿತು. ಜೂನ್‌ನಲ್ಲಿ ಕಟ್ಟಿ ಪಾಸಾದೆ.”

ಸೆಂಟರಿನಿಂದ ಬಂದ ಇಂಗ್ಲಿಷ್ ನೋಡಲು ಬಹಳ ಚೆನ್ನಾಗಿತ್ತು. ಅದರಲ್ಲಿ, ಅಜ್ಜಿ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡದ್ದನ್ನು ಇವಳು ಕಣ್ಣಾರೆ ಕಂಡಿದ್ದಳು. ಹಳ್ಳಿಯಲ್ಲಿ ಆರೋಗ್ಯ ತಪಾಸಣೆಯ ಕಾರ್ಯಕ್ರಮವನ್ನು ಇವಳೇ ಮುಂದೆ ನಿಂತು ನಡೆಸಿದ್ದಳು. ಗಣಿತದ ವಿಷಯ ಮಾಯ. ಅದರ ಬದಲು ಶಾಲೆಯಲ್ಲಿ ಸದಾ ಮುಂದಿದ್ದೆ ಅನ್ನುವ ಹೊಸ ಸಾಲು ಬಂದಿತ್ತು. ಅವಳು ಓದಿ, ಇಷ್ಟು ಚೆನ್ನಾಗಿ ಬಂದಿದೆಯಲ್ಲ ಅಂತ ಖುಷಿಪಟ್ಟು ಅಪ್‌ಲೋಡ್ ಮಾಡಿದಳು. ಇಪ್ಪತ್ತೆರಡರ ವಯಸ್ಸಿನ ಹುಡುಗಿ, ದುಡ್ಡು ಕೊಟ್ಟು ಗೊತ್ತಿದ್ದವರ ಹತ್ತಿರ ಮಾಡಿಸಿದ್ದು. ಅನುಮಾನ ಯಾಕೆ ಬರುತ್ತದೆ ಹೇಳಿ?

ಸೀಟು ಸಿಕ್ಕಿತು. ತೊಂದರೆ ಶುರುವಾದದ್ದು ಅದಾದ ಮೇಲೆ. ಇಂಗ್ಲೆಂಡಿಗೆ ಸ್ಟೂಡೆಂಟ್ ವೀಸಾ ಹಾಕಬೇಕಾದರೆ ವಿಶ್ವವಿದ್ಯಾಲಯ ‘ಕ್ಯಾಸ್’ ಅನ್ನುವ ಒಂದು ನಂಬರ್ ಕೊಡಬೇಕು. ಅದನ್ನು ಕೊಡುವ ಮುಂಚೆ ಅನೇಕ ವಿಶ್ವವಿದ್ಯಾಲಯಗಳು ವಿಡಿಯೋದಲ್ಲಿ ಮಾತಾಡಿಸುತ್ತವೆ. ಈ ಕೋರ್ಸೇ ಯಾಕೆ, ದುಡ್ಡು ಎಲ್ಲಿಂದ, ಹಿಂದೆ ಏನು ಮಾಡಿದ್ದೀರಿ ಅಂತ ಕೇಳುತ್ತಾರೆ. ಕೇಳುವವರ ಮುಂದೆ ಅರ್ಜಿಯ ಕಾಗದಗಳೆಲ್ಲ ಇರುತ್ತವೆ. ಇವಳಿಗೆ ಕೇಳಿದ್ದು, ಆ ಕಾರ್ಯಕ್ರಮದಲ್ಲಿ ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು, ಖರ್ಚು ಯಾರು ಕೊಟ್ಟರು ಅಂತ. ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು: ಯಾರೂ ಇರಲಿಲ್ಲ, ನಾನು ಆಶಾ ಕಾರ್ಯಕರ್ತೆಯ ಜೊತೆ ಹೋಗುತ್ತಿದ್ದೆ. ಅಜ್ಜಿಯ ಕಾಲು ತೆಗೆದಾಗ ನಿಮಗೆಷ್ಟು ವಯಸ್ಸು ಅಂದರು. ಆಗ ಇವಳಿನ್ನೂ ಹುಟ್ಟಿರಲಿಲ್ಲ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ ಅಂತ ಯಾಕಿದೆ ಅಂದರು. ಅದಕ್ಕೂ ನಿಜವನ್ನೇ ಹೇಳಿದಳು. ಕನ್ನಡದಲ್ಲಿ ಬರೆದು ಅನುವಾದ ಮಾಡಿಸಿದ್ದು ಅನ್ನುವುದನ್ನೂ ಹೇಳಿದಳು. ಅವಳ ಒಂದೊಂದು ನಿಜವೂ ಅವಳ ಹೆಸರಿನಲ್ಲಿದ್ದ ಕಾಗದಕ್ಕೆ ಎದುರಾಗಿ ನಿಂತಿತು. ಇದನ್ನು ಹೇಳುವಾಗ ಈಗಲೂ ಅವಳ ಕಣ್ಣು ತುಂಬುತ್ತದೆ.

ವಿಶ್ವವಿದ್ಯಾಲಯ ಕ್ಯಾಸ್ ತಡೆಹಿಡಿಯಿತು. ಮೂಲ ಕನ್ನಡ ಬರಹ, ಅದರ ಪ್ರಮಾಣೀಕೃತ ಇಂಗ್ಲಿಷ್ ಅನುವಾದ, ಜೊತೆಗೊಂದು ವಿವರಣೆ ಕಳಿಸಿ ಅಂತ ಮೇಲ್ ಬಂತು. ಅವಳು ಗಾಬರಿಯಲ್ಲಿ ಅದೇ ಸೆಂಟರಿಗೆ ಅದೇ ಕನ್ನಡವನ್ನು ಮತ್ತೆ ಪೇಸ್ಟ್ ಮಾಡಿದಳು. ಮತ್ತೆ ಅದೇ ಒಂದು ಪದ, ಜೊತೆಗೆ ‘ಸೀಲ್ ಬೇಕು’ ಅಂತ. ಅವರು ಏನು ಮಾಡಿದರು ಗೊತ್ತಾ? ಹಳೆಯ ಫೈಲನ್ನೇ ಪ್ರಿಂಟ್ ತೆಗೆದು, ಕೆಳಗೆ ‘ಇದು ಮೂಲದ ಪೂರ್ಣ ಮತ್ತು ನಿಖರ ಅನುವಾದ’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸೀಲ್ ಒತ್ತಿ ಸಹಿ ಹಾಕಿ ಕೊಟ್ಟರು. ಅದನ್ನು ಹಿಡಿದುಕೊಂಡು ಅವಳು ನಮ್ಮ ಮನೆಗೆ ಬಂದಳು. ‘ಅಕ್ಕಾ, ಕಳಿಸೋ ಮುಂಚೆ ಒಂದ್ಸಲ ನೋಡಿ’ ಅಂದಳು. ಸದ್ಯ ಬಂದಳಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಮೊದಲನೇ ಸಲ ಆದದ್ದು ಬೇರೆ, ಎರಡನೇ ಸಲ ಆದದ್ದು ಬೇರೆ. ಅರ್ಜಿಗೆ ಹಾಕುವ ಸ್ಟೇಟ್‌ಮೆಂಟನ್ನು ಓದುವವರಿಗೆ ಕನ್ನಡ ಮೂಲ ಇದೆ ಅಂತಲೇ ಗೊತ್ತಿರುವುದಿಲ್ಲ. ಅಲ್ಲಿ ಇಂಗ್ಲಿಷೇ ಅವಳ ಮಾತು. ಹಾಗಾಗಿ ಸ್ವಲ್ಪ ತಿದ್ದುವುದಕ್ಕೆ ಜಾಗ ಇದೆ. ಸೀಲ್ ಬಿದ್ದ ಅನುವಾದದಲ್ಲಿ ಆ ಜಾಗ ಇಲ್ಲವೇ ಇಲ್ಲ. ಇಂಗ್ಲೆಂಡಿನ ವೀಸಾ ನಿಯಮವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿಲ್ಲದ ಕಾಗದಕ್ಕೆ ಪೂರ್ತಿ ಅನುವಾದ ಇರಬೇಕು, ಮೂಲಕ್ಕೆ ಸರಿಯಾಗಿದೆ ಅಂತ ಅನುವಾದಕರ ಹೇಳಿಕೆ ಇರಬೇಕು, ತಾರೀಖು, ಪೂರ್ತಿ ಹೆಸರು, ಸಹಿ, ಸಂಪರ್ಕದ ವಿವರ ಇರಬೇಕು. ಅದರಡಿ ಚೆಂದ ಮಾಡಿದ ಬರಹ ಇಟ್ಟರೆ ಅದು ಸುಳ್ಳು ಪ್ರಮಾಣ. ವೀಸಾ ಅರ್ಜಿಯಲ್ಲಿ ಮೋಸ ಮಾಡಿದ್ದಾರೆ ಅಂತ ತೀರ್ಮಾನವಾದರೆ 10 ವರ್ಷದವರೆಗೂ ವೀಸಾ ಸಿಗದ ಹಾಗೆ ಆಗಬಹುದು. ಇವಳ ಪಾಲಿಗೆ ಆ ಸೀಲು ಮೊದಲಿನ ತಪ್ಪಿಗಿಂತ ದೊಡ್ಡ ಅಪಾಯ.

ನಾನು ಹೊಸದಾಗಿ ಮಾಡಿಕೊಟ್ಟೆ. ಅಜ್ಜಿಯ ಸಾಲಿನಲ್ಲಿ ‘ಇತ್ತಂತೆ’ ಅಂತ ಇದ್ದದ್ದಕ್ಕೆ, ಹಾಗೆ ಹೇಳಿದ್ದನ್ನು ಕೇಳಿದ್ದೇನೆ ಅನ್ನುವ ಅರ್ಥ ಬರುವಂತೆ ಬರೆದೆ. ಕಂಡೆ ಅಂತ ಬರೆಯಲಿಲ್ಲ. ‘ಚೆಕ್ ಮಾಡಿಸುತ್ತಿದ್ದೆವು’ ಅಂದರೆ ಚೆಕ್ ಮಾಡಿದವರು ಬೇರೆ ಯಾರೋ. ಅದು ಆಶಾ ಅಕ್ಕನೇ ಅಂತ ನನಗೆ ಗೊತ್ತು, ಆದರೂ ಆ ವಾಕ್ಯದಲ್ಲಿ ಇಲ್ಲದ ಕಾರಣ ಸೇರಿಸಲಿಲ್ಲ. ‘ಬಡ ಕುಟುಂಬದಲ್ಲಿ ಹುಟ್ಟಿದ ನನಗೆ ತಾವು ಅವಕಾಶ ಮಾಡಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ’ ಅನ್ನುವ ಕೊನೆಯ ಸಾಲನ್ನೂ ಹಾಗೇ ಉಳಿಸಿದೆ. ಪಿಯುಸಿ ಮುಗಿಸಿದ ಇಸವಿಯನ್ನು ಅವಳು ಕನ್ನಡದಲ್ಲಿ ತಪ್ಪಾಗಿ ಒಂದು ವರ್ಷ ಮುಂಚಿನದಾಗಿ ಬರೆದುಬಿಟ್ಟಿದ್ದಳು. ‘ಅಕ್ಕಾ, ಅದೊಂದು ಸರಿ ಮಾಡಿಬಿಡಿ’ ಅಂದಳು. ಆಗಲ್ಲ ಅಂದೆ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಮೂಲದಲ್ಲಿ ತಪ್ಪು ಇದ್ದರೆ ಅನುವಾದದಲ್ಲೂ ಅದೇ ತಪ್ಪು ಇರಬೇಕು. ಸರಿಯಾದ ವರ್ಷವನ್ನು ಅವಳೇ ತನ್ನ ವಿವರಣೆಯಲ್ಲಿ ಬರೆಯಬೇಕು. ಬರೆದಳು.

ಇದೇ ಬರಹ ಅರ್ಜಿಗೆ ಅಂತ ಮೊದಲೇ ನನ್ನ ಕೈಗೆ ಬಂದಿದ್ದರೆ ಬೇರೆ ಥರ ಮಾಡುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಪದಕ್ಕೆ ಪದ ಇಟ್ಟಿದ್ದರೆ ಅದೂ ಅವಳಿಗೆ ಅನ್ಯಾಯವೇ. ಕೈಮುಗಿಯುವ ಸಾಲು ನಮ್ಮ ಅರ್ಜಿಗಳಲ್ಲಿ ಮರ್ಯಾದೆಯ ಮಾತು. ಅಲ್ಲಿ ಓದುವವರಿಗೆ ಅದು ಕೋರ್ಸಿನ ಬಗ್ಗೆ ಏನೂ ಹೇಳುವುದಿಲ್ಲ. ಅವಳನ್ನು ಕೇಳಿ ಅದನ್ನು ಬಿಡುತ್ತಿದ್ದೆ. ಅಜ್ಜಿಯ ಕಥೆ ಮೂರನೇ ಪ್ಯಾರಾದಲ್ಲಿತ್ತು, ಅದನ್ನು ಮೊದಲಿಗೆ ತರುತ್ತಿದ್ದೆ. ‘ನಾನು ಹುಟ್ಟುವ ಮುಂಚೆ ನಡೆದದ್ದು, ಅಮ್ಮ ಹೇಳಿ ಕೇಳಿದ್ದೇನೆ’ ಅಂತ ಅವಳ ಬಾಯಲ್ಲೇ ಕೇಳಿ ಸೇರಿಸುತ್ತಿದ್ದೆ. ಆ ಕಥೆಯ ತೂಕ ಇದರಿಂದ ಒಂದು ಚೂರೂ ಕಮ್ಮಿಯಾಗಲ್ಲ. ಗಣಿತ ಹೋದದ್ದನ್ನು ಹೇಳಬೇಕಾ ಬೇಡವಾ ಅನ್ನುವುದು ಅವಳಿಗೆ ಬಿಟ್ಟದ್ದು. ಬಿಟ್ಟರೂ ತಪ್ಪಿಲ್ಲ. ಆದರೆ ಆ ಜಾಗದಲ್ಲಿ ‘ಸದಾ ಮುಂದಿದ್ದೆ’ ಅಂತ ತುಂಬಲು ಅನುವಾದಕರಿಗೆ ಹಕ್ಕಿಲ್ಲ. ಇಂಗ್ಲಿಷ್ ತಿದ್ದಬಹುದು, ಹಿಂದೆ ಮುಂದೆ ಮಾಡಬಹುದು, ಕತ್ತರಿಸಬಹುದು. ಯಾರು ಏನು ಮಾಡಿದರು ಅನ್ನುವುದನ್ನು ಮುಟ್ಟಬಾರದು. ಕೆಲವು ವಿಶ್ವವಿದ್ಯಾಲಯಗಳು ಸ್ಟೇಟ್‌ಮೆಂಟಿಗೆ ಬೇರೆಯವರ ಸಹಾಯ ಎಷ್ಟಿರಬಹುದು ಅಂತಲೂ ನಿಯಮ ಹಾಕಿರುತ್ತವೆ, ಅದನ್ನೂ ಮೊದಲೇ ಓದಿಕೊಳ್ಳಿ.

ಸೆಂಟರಿನವರನ್ನು ಅವಳ ಅಪ್ಪ ಹೋಗಿ ಕೇಳಿದರು. ‘ಪರ್ಸನಲ್ ಸ್ಟೇಟ್‌ಮೆಂಟ್ ಅಂದ್ರೆ ಸೀಟಿಗೆ ತಾನೇ ಸರ್, ಚೆನ್ನಾಗಿ ಕಾಣ್ಲಿ ಅಂತ ಮಾಡಿದ್ವಿ’ ಅಂದರಂತೆ. ಕೆಟ್ಟ ಉದ್ದೇಶ ಇತ್ತು ಅಂತ ನನಗೂ ಅನಿಸುವುದಿಲ್ಲ. ಆದರೆ ಪರ್ಸನಲ್ ಸ್ಟೇಟ್‌ಮೆಂಟ್ ಅನ್ನುವ ಹೆಸರಿನಲ್ಲಿ ನನ್ನ ಹತ್ತಿರ ವೀಸಾಗೆ ಬರೆದದ್ದೂ ಬರುತ್ತದೆ, ಕೋರ್ಟಿಗೆ ಕೊಡುವ ಹೇಳಿಕೆಯೂ ಬರುತ್ತದೆ. ಕೇಳದೆ ಊಹೆ ಮಾಡುವುದು ಈ ಕೆಲಸದಲ್ಲಿ ಸಲ್ಲದು.

ನಿಮ್ಮ ಕೈಗೆ ಬಂದ ಇಂಗ್ಲಿಷನ್ನು ಹೀಗೆ ಪರೀಕ್ಷೆ ಮಾಡಿ. ಉದ್ದ ಜಾಸ್ತಿಯಾಗಿದೆ ಅಂತ ಮಾತ್ರಕ್ಕೆ ಅನುಮಾನ ಬೇಡ. ‘ತೆಗೆಯಬೇಕಾಯಿತಂತೆ’ ಅನ್ನುವ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕೇ ಬೇಕು. ಅದರ ಬದಲು ಒಂದೊಂದು ಇಂಗ್ಲಿಷ್ ವಾಕ್ಯದ ಮೇಲೆ ಬೆರಳಿಟ್ಟು, ಇದು ನನ್ನ ಕನ್ನಡದಲ್ಲಿ ಎಲ್ಲಿದೆ ಅಂತ ಹುಡುಕಿ. ಜಾಗ ಸಿಗದ ವಾಕ್ಯಕ್ಕೆ ಗುರುತು ಹಾಕಿ. ಆಮೇಲೆ ಕ್ರಿಯಾಪದಗಳನ್ನು ನೋಡಿ. ನಡೆಸಿದೆ, ಮುನ್ನಡೆಸಿದೆ, ಸ್ಥಾಪಿಸಿದೆ, ಕಂಡೆ ಅನ್ನುವ ಅರ್ಥದ ಪದ ಬಂದ ಕಡೆಯಲ್ಲೆಲ್ಲ ನೀವು ಕನ್ನಡದಲ್ಲಿ ಹಾಗೇ ಬರೆದಿದ್ದೀರಾ ನೋಡಿ. ಕೊನೆಗೆ ಇಸವಿ, ತಿಂಗಳು, ಅಂಕಗಳನ್ನು ಮಾರ್ಕ್ಸ್ ಕಾರ್ಡಿನ ಪಕ್ಕ ಇಟ್ಟು ನೋಡಿ.

ವಿಶ್ವವಿದ್ಯಾಲಯ ಅವಳ ವಿವರಣೆಯನ್ನು ಒಪ್ಪಿತು. ಮೂಲ ಕನ್ನಡದ ಪೇಸ್ಟ್, ಕಳಿಸಿದ ತಾರೀಖಿನ ಸಮೇತ ವಾಟ್ಸಾಪ್‌ನಲ್ಲಿ ಉಳಿದಿದ್ದೇ ಅವಳನ್ನು ಕಾಪಾಡಿತು. ಆದರೆ ಸೆಪ್ಟೆಂಬರ್ ಬ್ಯಾಚಿನ ಕ್ಯಾಸ್ ಕೊಡುವ ಕೊನೆಯ ದಿನ ಅಷ್ಟರಲ್ಲಿ ದಾಟಿತ್ತು. ಸೀಟನ್ನು ಜನವರಿಗೆ ಮುಂದೂಡಿದರು. ವೀಸಾಗೆ ಅಂತ 28 ದಿನ ಖಾತೆಯಲ್ಲಿ ಅಲುಗಾಡಿಸದೆ ಇಡಬೇಕಾದ ಹಣವನ್ನು ಅವಳ ಅಪ್ಪ ಸಾಲ ಮಾಡಿ ಇಟ್ಟಿದ್ದರು. ಈಗ ಅದನ್ನು ಮತ್ತೊಮ್ಮೆ ಹೊಂದಿಸಿ, ದಿನಗಳನ್ನು ಮೊದಲಿನಿಂದ ಎಣಿಸಬೇಕು.

ಜನವರಿಯ ಅರ್ಜಿಗೆ ಹೊಸ ಸ್ಟೇಟ್‌ಮೆಂಟ್ ಕೇಳಿದ್ದಾರೆ. ಅವಳು ಕನ್ನಡದಲ್ಲೇ ಬರೆದು ನನಗೆ ಕಳಿಸಿದಳು. ಈ ಸಲ ಮೇಲೆ ಹೀಗಿತ್ತು, ಬೇಕಾದವರು ಇದನ್ನೇ ಕಾಪಿ ಮಾಡಿಕೊಳ್ಳಿ: “ಅಕ್ಕಾ, ಇದು ವಿಶ್ವವಿದ್ಯಾಲಯದ ಅರ್ಜಿಗೆ. ಸೀಟು ಕೊಡುವವರು ಓದುತ್ತಾರೆ, ಆಮೇಲೆ ಇದನ್ನಿಟ್ಟುಕೊಂಡು ಇಂಟರ್‌ವ್ಯೂನಲ್ಲಿ ಕೇಳುತ್ತಾರೆ. ಇಂಗ್ಲಿಷ್ ತಿದ್ದಬಹುದು, ಉದ್ದ ಕಮ್ಮಿ ಮಾಡಬಹುದು. ನಾನು ಬರೆಯದ ವಿಷಯ ಸೇರಿಸಬೇಡಿ. ಏನಾದರೂ ಬಿಡುವುದಿದ್ದರೆ ನನ್ನನ್ನು ಕೇಳಿ. ಸೀಲ್ ಬೇಡ.”